ರೊಕ್ಕ, ಹಣ, ಧನಸಹಾಯ: ದೊಡ್ಡಪ್ಪನಿಗೆ ಬರೆದ ಕಾಗದ

ತುಮಕೂರು ಕಡೆಯ ಒಂದು ತಾಲ್ಲೂಕು ಕಚೇರಿ ಎದುರು ನನ್ನ ಜಾಬ್ ಟೈಪಿಂಗ್ ಅಂಗಡಿ ಇದೆ. ಪಹಣಿ ತಿದ್ದುಪಡಿ, ಖಾತೆ ಬದಲಾವಣೆ, ಪಿಂಚಣಿ ಅರ್ಜಿ, ದಿನವೆಲ್ಲ ಇದೇ ಕೆಲಸ. ಅಪರೂಪಕ್ಕೆ ಮನೆಯ ಕಾಗದ ಬರೆಸಲೂ ಜನ ಬರುತ್ತಾರೆ.

ಹಾವೇರಿ ಕಡೆಯ ಒಬ್ಬ ಹುಡುಗ ಹಾಗೇ ಬಂದಿದ್ದ. ಇಲ್ಲೇ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಕೈಯಲ್ಲಿದ್ದ ಚೀಟಿಯಲ್ಲಿ ಎರಡೇ ಸಾಲು: ‘ದೊಡ್ಡಪ್ಪ, ಕಣ್ಣಿನ ಆಪರೇಷನ್‌ಗೆ ರೊಕ್ಕ ಕಳಿಸೇನಿ. ಹುಷಾರಾಗಿರ್ರಿ.’

‘ಅಣ್ಣಾ, ನಮ್ಮ ದೊಡ್ಡಪ್ಪ ಮಾಸ್ತರ್ ಆಗಿದ್ದವರು. ಸ್ವಲ್ಪ ಗೌರವ ಕಾಣೋ ಹಂಗ ಬರೆದುಕೊಡ್ರಿ’ ಅಂದ.

ನಾನು ಟೈಪ್ ಮಾಡಿದ್ದು ಇದು: ‘ತಮ್ಮ ನೇತ್ರ ಶಸ್ತ್ರಚಿಕಿತ್ಸೆಯ ನಿಮಿತ್ತ ರೂ. 5,000 ಧನಸಹಾಯ ಕಳುಹಿಸಿರುತ್ತೇನೆ. ಸ್ವೀಕರಿಸತಕ್ಕದ್ದು.’

ಎರಡು ವಾರದ ಮೇಲೆ ಹುಡುಗ ಮತ್ತೆ ಬಂದ. ದುಡ್ಡೂ ವಾಪಸ್ ಬಂದಿತ್ತು, ಕಾಗದವೂ ವಾಪಸ್ ಬಂದಿತ್ತು. ಕಾಗದದ ಹಿಂದೆ ಹಿರಿಯರು ಮುತ್ತಿನಂಥ ಅಕ್ಷರದಲ್ಲಿ ಒಂದೇ ಸಾಲು ಬರೆದಿದ್ದರು: ‘ನಾನು ಅರ್ಜಿ ಹಾಕಿರಲಿಲ್ಲ.’

ಆ ಸಾಲು ಓದಿ ನನಗೆ ತುಂಬಾ ಬೇಜಾರಾಯಿತು. ತಪ್ಪು ಪೂರ್ತಿ ನನ್ನದು. ಮನೆ ಮಾತನ್ನು ತೆಗೆದು ದೊಡ್ಡ ಪದ ಹಾಕಿದರೆ ಅದೇ ಗೌರವ ಅಂದುಕೊಂಡಿದ್ದೆ. ಅವತ್ತು ಇಬ್ಬರೂ ಕೂತು ಒಂದೊಂದೇ ಪದ ನೋಡಿದೆವು.

ಮೊದಲು ರೊಕ್ಕ. ನಮ್ಮ ಕಡೆ ದುಡ್ಡು ಅಂತೀವಿ, ಅವರ ಕಡೆ ರೊಕ್ಕ. ಎರಡೂ ಬಾಯಿಮಾತು. ಬರವಣಿಗೆಗೆ ಹಣ ಅನ್ನುವ ಪದ ಸರಿಹೊಂದುತ್ತದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಧನಸಹಾಯ ಅಂದ ಕೂಡಲೇ ಕೊಡುವವನು ಮೇಲೆ, ತಗೊಳ್ಳುವವನು ಕೆಳಗೆ ಆಗಿಬಿಡುತ್ತದೆ. ಸರ್ಕಾರ ಕೊಡುವುದು ಧನಸಹಾಯ. ಓದಿಸಿ ಬೆಳೆಸಿದ ದೊಡ್ಡಪ್ಪನಿಗೆ ಮಗ ಕೊಡುವುದು ಅದಲ್ಲ.

ನೇತ್ರ ಎಂಬುದು ಆಸ್ಪತ್ರೆಯ ಬೋರ್ಡಿನ ಪದ. ಕಾಗದದಲ್ಲಿ ಕಣ್ಣು ಅಂದರೆ ಗೌರವಕ್ಕೇನೂ ಕಡಿಮೆಯಿಲ್ಲ. ಶಸ್ತ್ರಚಿಕಿತ್ಸೆಯೂ ಬೇಕಿರಲಿಲ್ಲ. ಆ ಹಿರಿಯರೇ ಫೋನಿನಲ್ಲಿ ಆಪರೇಷನ್ ಅನ್ನುತ್ತಿದ್ದರಂತೆ.

ಎಲ್ಲಕ್ಕಿಂತ ಚುಚ್ಚಿದ್ದು ಕ್ರಿಯಾಪದದ ತುದಿ ಅಂತ ಈಗ ನನಗನಿಸುತ್ತದೆ. ‘ಕಳುಹಿಸಿರುತ್ತೇನೆ’ ಅರ್ಜಿಯ ಧಾಟಿ. ‘ಸ್ವೀಕರಿಸತಕ್ಕದ್ದು’ ಅಂತೂ ಆದೇಶವೇ. ಮೇಲಧಿಕಾರಿ ಕೆಳಗಿನವರಿಗೆ ಬರೆಯುವ ಮಾತು. ನಮ್ಮ ಭಾಷೆಯಲ್ಲಿ ಗೌರವ ಹೆಚ್ಚಾಗಿ ಕೂರುವುದು ಪದದ ತುದಿಯಲ್ಲಿ. ‘ದೊಡ್ಡಪ್ಪನಿಗೆ’ ಎಂಬುದು ‘ದೊಡ್ಡಪ್ಪನವರಿಗೆ’ ಆದರೆ ಸಾಕು, ‘ತಗೋ’ ಎಂಬುದು ‘ತಗೊಳ್ಳಿ’ ಆದರೆ ಸಾಕು. ನಡುವೆ ಇರುವ ಕಣ್ಣು, ಊಟ, ಮನೆ, ನೀರು ಹಾಗೇ ಇರಲಿ. ಅವನ್ನು ಭೋಜನ, ಗೃಹ, ಜಲ ಮಾಡಿದರೆ ಕಾಗದ ಲಗ್ನಪತ್ರಿಕೆಯ ಹಾಗೆ ಆಗುತ್ತದೆ.

ಹಾಗಂತ ಬಾಯಿಮಾತು ಎಲ್ಲಾ ಕಡೆ ನಡೆಯುವುದಿಲ್ಲ. ‘ಸತ್ತರು’ ಅಂತ ಹಿರಿಯರಿಗೆ ಬರೆಯಬಾರದು, ‘ತೀರಿಕೊಂಡರು’ ಅನ್ನಬೇಕು. ಕಕ್ಕಸು ಕಟ್ಟಿಸಿದ್ದನ್ನು ತಿಳಿಸುವಾಗ ಶೌಚಾಲಯ ಅನ್ನುವುದೇ ವಾಸಿ. ಹುಡುಗ ಬರೆದಿದ್ದ ‘ಹುಷಾರಾಗಿರ್ರಿ’ ಕೂಡ ಯೋಚಿಸಬೇಕಾದದ್ದೇ. ‘ಹುಷಾರಾಗಿದ್ದೀರಾ’ ಅಂದರೆ ಆರೋಗ್ಯ ವಿಚಾರಿಸಿದ ಹಾಗೆ. ‘ಹುಷಾರಾಗಿರಿ’ ಅಂತ ಎದುರಿಗೆ ಹೇಳಿದರೆ ದನಿಯಲ್ಲಿ ಪ್ರೀತಿ ಗೊತ್ತಾಗುತ್ತದೆ. ಕಾಗದಕ್ಕೆ ದನಿ ಇಲ್ಲ ಅಲ್ವಾ? ಅಲ್ಲಿ ಅದು ಎಚ್ಚರಿಕೆ ಕೊಟ್ಟ ಹಾಗೂ ಕೇಳಬಹುದು. ‘ಆರೋಗ್ಯ ನೋಡಿಕೊಳ್ಳಿ’ ಅಂತ ಬದಲಾಯಿಸಿದೆವು.

ಎರಡನೇ ಕಾಗದ ಹೀಗಾಯಿತು:

‘ತೀರ್ಥರೂಪ ಸಮಾನರಾದ ದೊಡ್ಡಪ್ಪನವರಿಗೆ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಹೋದ ಸಲದ ಕಾಗದದಿಂದ ನಿಮಗೆ ನೋವಾಯಿತು, ಕ್ಷಮಿಸಿ. ನನ್ನನ್ನು ಓದಿಸಿದವರು ನೀವು. ಕಣ್ಣಿನ ಔಷಧಿಗೆ, ಹೊಸ ಕನ್ನಡಕಕ್ಕೆ ಇರಲಿ ಅಂತ ಐದು ಸಾವಿರ ರೂಪಾಯಿ ಕಳಿಸಿದ್ದೇನೆ. ಬೇಡ ಅನ್ನಬೇಡಿ. ಆರೋಗ್ಯ ನೋಡಿಕೊಳ್ಳಿ.’

ತೀರ್ಥರೂಪ ಅಂತ ಬರೆಯುವುದು ತಂದೆಗೆ. ತಂದೆಯಂಥವರಿಗೆ ‘ಸಮಾನರಾದ’ ಸೇರಿಸುವುದು ಹಳೆಯ ಪದ್ಧತಿ. ಮಾಸ್ತರಿಗೆ ಅದು ಗೊತ್ತಿರುತ್ತದೆ ಅಂತ ಆ ಒಂದು ದೊಡ್ಡ ಪದ ಉಳಿಸಿಕೊಂಡೆ. ಹಣ ಅನ್ನುವ ಪದವೇ ಬೇಕಾಗಲಿಲ್ಲ ನೋಡಿ. ಮೊತ್ತ ಹೇಳಿದರೆ ಸಾಕಾಯಿತು.

ಪ್ರಿಂಟ್ ತೆಗೆಯುವ ಮೊದಲು ಹುಡುಗ ಸ್ಕ್ರೀನ್ ನೋಡುತ್ತಾ ತಡೆದ. ‘ಅಣ್ಣಾ, ಕನ್ನಡಕ ಬ್ಯಾಡ. ಚಾಳೀಸು ಅಂತ ಹಾಕ್ರಿ. ನಮ್ಮ ಮನಿಯಾಗ ಯಾರೂ ಕನ್ನಡಕ ಅನ್ನಂಗಿಲ್ಲ. ದೊಡ್ಡಪ್ಪ ದಿನಾ ಮುಂಜಾನೆ ಪೇಪರ್ ಬಂದ ಕೂಡ್ಲೇ ಚಾಳೀಸು ಎಲ್ಲಿ ಅಂತ ಕೇಳ್ತಾರ.’

ನಾನು ‘ಕನ್ನಡಕಕ್ಕೆ’ ಅಳಿಸಿ ‘ಚಾಳೀಸಿಗೆ’ ಅಂತ ಟೈಪ್ ಮಾಡಿದೆ. ಈ ಸಲ ದುಡ್ಡು ವಾಪಸ್ ಬರಲಿಲ್ಲ.