ಮೂರೇ ಹೆಸರಿದ್ದ ನಕ್ಷೆ

ನಾನಿರುವ ಸಂಸ್ಥೆ ವಯಸ್ಕರಿಗೆ ಓದು ಬರಹ ಕಲಿಸುತ್ತದೆ. ಹೊಸ ಕಲಿಕಾ ಕೇಂದ್ರಗಳನ್ನು ಯಾವ ಭಾಗದಲ್ಲಿ ತೆರೆಯಬೇಕು ಅಂತ ತೀರ್ಮಾನಿಸಲು ಒಂದು ಸಭೆ ಕರೆದಿದ್ದರು. ಕರ್ನಾಟಕದ ಜಿಲ್ಲಾವಾರು ಸಾಕ್ಷರತೆಯನ್ನು ಒಂದೇ ಸ್ಲೈಡಿನಲ್ಲಿ ನಕ್ಷೆಯಾಗಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಅಂಕಿ ತೆಗೆದುಕೊಂಡಿದ್ದು 2011ರ ಜನಗಣತಿಯಿಂದ.

ಬಣ್ಣಕ್ಕೆ ಮೊದಲು ಗಡಿಗಳನ್ನು ಸರಿ ಮಾಡಬೇಕಿತ್ತು. 2011ರಲ್ಲಿ ಇದ್ದದ್ದು 30 ಜಿಲ್ಲೆ. ನನ್ನ ಹತ್ತಿರ ಇದ್ದ ಗಡಿಗಳ ಫೈಲಿನಲ್ಲಿ 31, ಯಾಕೆಂದರೆ ವಿಜಯನಗರ 2021ರಲ್ಲಿ ಬಳ್ಳಾರಿಯಿಂದ ಬೇರೆಯಾಯಿತು. ಹಾಗೇ ಬಿಟ್ಟರೆ ನಕ್ಷೆಯ ನಡುವೆ ಒಂದು ಬಿಳಿ ತೂತು ಉಳಿಯುತ್ತದೆ, ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ. ಹಾಗಾಗಿ ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಎರಡನ್ನೂ ಕೂಡಿಸಿ, 2011ರಲ್ಲಿ ದಾವಣಗೆರೆಯಲ್ಲಿದ್ದ ಹರಪನಹಳ್ಳಿ ತಾಲ್ಲೂಕನ್ನು ಬಿಡಿಸಿ ಅಲ್ಲಿಗೇ ಸೇರಿಸಿ, ಹಳೆಯ ಬಳ್ಳಾರಿ ಮಾಡಿದೆ. ಹೆಸರುಗಳದ್ದು ಇನ್ನೊಂದು ತೊಡಕು. ಜನಗಣತಿಯ ಪಟ್ಟಿಯಲ್ಲಿ ಗುಲ್ಬರ್ಗ, ಬೆಳಗಾಂ. ಗಡಿಗಳ ಫೈಲಿನಲ್ಲಿ ಕಲಬುರಗಿ, ಬೆಳಗಾವಿ. ಹೆಸರು ಹೊಂದದಿದ್ದರೆ ಸಾಫ್ಟ್‌ವೇರ್ ಏನೂ ಹೇಳುವುದಿಲ್ಲ, ಆ ಜಿಲ್ಲೆಯ ಅಂಕಿ ಮಾತ್ರ ಖಾಲಿ ಬರುತ್ತದೆ. ಅದಕ್ಕೆ ಎರಡೂ ಕಡೆ ಜನಗಣತಿಯ ಜಿಲ್ಲಾ ಸಂಖ್ಯೆ ಹಾಕಿ ಜೋಡಿಸಿದೆ. ಖಾಲಿ ಸಾಲು ಒಂದೂ ಇಲ್ಲ ಅಂತ ನೋಡಿಕೊಂಡ ಮೇಲೆಯೇ ಮುಂದೆ ಹೋದೆ.

ಆಮೇಲೆ ಬಣ್ಣ. ಗಾಢವಾದ ಕಡೆ ಏನೋ ಜಾಸ್ತಿ ಇದೆ ಅಂತ ಕಣ್ಣು ತಾನಾಗಿಯೇ ಓದಿಕೊಳ್ಳುತ್ತದೆ. ಸಾಕ್ಷರತೆಯನ್ನೇ ಬಣ್ಣವಾಗಿಸಿದರೆ ಕರಾವಳಿ ಮತ್ತು ಬೆಂಗಳೂರು ಎದ್ದು ಕಾಣುತ್ತವೆ, ನಾವು ಮಾತಾಡಬೇಕಾದ ಯಾದಗಿರಿ ತಿಳಿಯಾಗಿ ಹಿಂದೆ ಸರಿಯುತ್ತದೆ. ಹಾಗಾಗಿ ಅಂಕಿಯನ್ನೇ ತಿರುಗಿಸಿದೆ. ಏಳು ವರ್ಷ ಮತ್ತು ಮೇಲ್ಪಟ್ಟವರಲ್ಲಿ ಓದು ಬರಹ ಬಾರದವರು ಶೇಕಡಾ ಎಷ್ಟು ಅನ್ನುವುದನ್ನು ತೋರಿಸಿದೆ. ಯಾದಗಿರಿಯಲ್ಲಿ ಅದು 48, ದಕ್ಷಿಣ ಕನ್ನಡದಲ್ಲಿ 11.

ಕೆಂಪು, ಹಸಿರು ಬೇಡ ಅಂತ ಮೊದಲೇ ಅಂದುಕೊಂಡಿದ್ದೆ. ಆ ಎರಡರ ವ್ಯತ್ಯಾಸ ಕಾಣದವರು ಕೋಣೆಯಲ್ಲಿ ಒಬ್ಬರಾದರೂ ಇರಬಹುದು. ಅದೂ ಅಲ್ಲದೆ ಹಸಿರು ಕಂಡರೆ ‘ಇಲ್ಲಿ ಕೆಲಸ ಮುಗಿದಿದೆ’ ಅಂತ ಅನ್ನಿಸಿಬಿಡುತ್ತದೆ. ನೀಲಿ ಒಂದೇ ಬಣ್ಣ, ತಿಳಿಯಿಂದ ಗಾಢಕ್ಕೆ ನಾಲ್ಕು ಮೆಟ್ಟಿಲು: 10ರಿಂದ 20, 20ರಿಂದ 30, 30ರಿಂದ 40, 40ರಿಂದ 50. ಸಾಫ್ಟ್‌ವೇರ್ ಕೊಡುವ 23.93ರಂಥ ಗಡಿ ಇಟ್ಟರೆ ಜನ ಅದನ್ನು ಓದುವುದರಲ್ಲೇ ನಿಂತುಬಿಡುತ್ತಾರೆ. ಮೆಟ್ಟಿಲು ಏಳೆಂಟಾದರೆ, ಒಂದು ಜಿಲ್ಲೆಯ ನೀಲಿ, ಬಣ್ಣಗಳ ಸೂಚಿಯಲ್ಲಿರುವ ಯಾವ ನೀಲಿ ಅಂತ ದೂರದಿಂದ ಹೇಳಲಿಕ್ಕಾಗುವುದಿಲ್ಲ.

ಮೆಟ್ಟಿಲು ಮಾಡಿದಾಗ ಒಂದು ನಷ್ಟವೂ ಇದೆ, ಅದನ್ನು ಬಾಯಲ್ಲೇ ಹೇಳಬೇಕು. ಶಿವಮೊಗ್ಗ 19.55, ಪಕ್ಕದ ಚಿಕ್ಕಮಗಳೂರು 20.75. ವ್ಯತ್ಯಾಸ ಒಂದು ಚಿಲ್ಲರೆ, ಬಣ್ಣ ಮಾತ್ರ ಬೇರೆ. ಆ ಕಡೆ ಯಾದಗಿರಿಗೂ ರಾಯಚೂರಿಗೂ ಸುಮಾರು ಎಂಟು ಅಂಶದ ಅಂತರವಿದ್ದರೂ ಎರಡೂ ಒಂದೇ ಗಾಢ ನೀಲಿ.

ಹೆಸರುಗಳ ವಿಷಯದಲ್ಲಿ ಸಹೋದ್ಯೋಗಿಯೊಬ್ಬರು ತಕರಾರು ತೆಗೆದರು. ‘‘ಎಲ್ಲ ಜಿಲ್ಲೆ ಹೆಸರೂ ಇರಲಿ ಸರ್, ನಮ್ಮ ಜಿಲ್ಲೆ ಎಲ್ಲಿ ಅಂತ ಕೇಳ್ತಾರೆ’’ ಅಂದರು. ಅವರ ಮಾತು ನಿಜ, ಎಲ್ಲರೂ ಮೊದಲು ತಮ್ಮ ಊರನ್ನೇ ಹುಡುಕುತ್ತಾರೆ. ಆದರೆ 30 ಹೆಸರು ತುರುಕಿದರೆ ಅಕ್ಷರ ಸಣ್ಣದಾಗಬೇಕು. ಗಾಢ ನೀಲಿಯ ಮೇಲೆ ಕಪ್ಪು ಅಕ್ಷರ ಕಾಣುವುದಿಲ್ಲ, ‘ಬೆಂಗಳೂರು ಗ್ರಾಮಾಂತರ’ ಅನ್ನುವ ಹೆಸರಂತೂ ತನ್ನ ಜಿಲ್ಲೆಯ ಜಾಗದೊಳಗೆ ಹಿಡಿಸುವುದೂ ಇಲ್ಲ. ಪೂರ್ತಿ ಪಟ್ಟಿಯನ್ನು ಕಾಗದದಲ್ಲಿ ಅಚ್ಚು ಹಾಕಿಸಿ ಎಲ್ಲರ ಕೈಗೆ ಕೊಡೋಣ ಅಂದೆ, ಒಪ್ಪಿದರು. ನಕ್ಷೆಯಲ್ಲಿ ನಾನು ಬಾಯಿಬಿಟ್ಟು ಹೇಳಲಿದ್ದ ಮೂರೇ ಹೆಸರು ಉಳಿಸಿದೆ: ಯಾದಗಿರಿ 48, ದಕ್ಷಿಣ ಕನ್ನಡ 11, ಚಾಮರಾಜನಗರ 39. ಅವನ್ನು ನಕ್ಷೆಯ ಹೊರಗೆ ದೊಡ್ಡ ಅಕ್ಷರದಲ್ಲಿ ಬರೆದು, ತೆಳು ಗೆರೆಯಿಂದ ಆಯಾ ಜಿಲ್ಲೆಗೆ ಸೇರಿಸಿದೆ. ಚಾಮರಾಜನಗರ ಬೇಕೇ ಬೇಕಿತ್ತು. ಕಡಿಮೆ ಸಾಕ್ಷರತೆ ಅಂದರೆ ಕಲ್ಯಾಣ ಕರ್ನಾಟಕ ಅಂತ ಎಲ್ಲರೂ ಸುಮ್ನೆ ಅಂದುಕೊಂಡಿರುತ್ತಾರೆ. ತೀರಾ ದಕ್ಷಿಣದ ತುದಿಯಲ್ಲೊಂದು ಗಾಢ ತುಂಡು ಇರುವುದು ನಕ್ಷೆಯಲ್ಲಿ ಮಾತ್ರ ಹೀಗೆ ಥಟ್ಟನೆ ಕಾಣುತ್ತದೆ.

ಸಭೆಯ ಹಿಂದಿನ ಸಂಜೆ ಅದೇ ಕೋಣೆಯಲ್ಲಿ ಪ್ರೊಜೆಕ್ಟರ್ ಹಾಕಿ ನೋಡಿದೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದ್ದ ತಿಳಿ ನೀಲಿ ಪರದೆಯ ಮೇಲೆ ಪೂರ್ತಿ ಬೆಳ್ಳಗಾಗಿ, ಕರಾವಳಿಯೇ ಅಳಿಸಿಹೋದಂತಿತ್ತು. ಬಹಳಷ್ಟು ಪ್ರೊಜೆಕ್ಟರುಗಳಲ್ಲಿ ಹೀಗೇ ಆಗುತ್ತದೆ. ನಾಲ್ಕೂ ಬಣ್ಣಗಳನ್ನು ಒಂದೊಂದು ಮೆಟ್ಟಿಲು ಗಾಢ ಮಾಡಿ, ಜಿಲ್ಲೆಗಳ ನಡುವೆ ತೆಳು ಬಿಳಿ ಗೆರೆ ಎಳೆದೆ. ಕೊನೆಯ ಕುರ್ಚಿಯಲ್ಲಿ ಕೂತು ನೋಡಿದಾಗ ನಾಲ್ಕೂ ಬೇರೆ ಬೇರೆಯಾಗಿ ಕಂಡವು.

ಸಭೆಯಲ್ಲಿ ಜನ ಮೊದಲು ಕೇಳಿದ್ದು ಚಾಮರಾಜನಗರದ ಬಗ್ಗೆಯೇ. ಆ ಜಿಲ್ಲೆಯ ಎಲ್ಲ ತಾಲ್ಲೂಕುಗಳೂ ಹೀಗೇನಾ, ಒಂದೆರಡು ಮಾತ್ರವಾ? ಜಿಲ್ಲಾ ನಕ್ಷೆ ಇದಕ್ಕೆ ಉತ್ತರ ಕೊಡಲಾರದು. ಇಡೀ ಜಿಲ್ಲೆಗೆ ಒಂದೇ ಬಣ್ಣ ಬಳಿದಿರುತ್ತದಲ್ವಾ? ಜನಗಣತಿಯಲ್ಲಿ ತಾಲ್ಲೂಕುವಾರು ಅಂಕಿಯೂ ಇದೆ. ಆ ಒಂದು ಜಿಲ್ಲೆಯದೇ ನಕ್ಷೆಯನ್ನು ಅದೇ ನಾಲ್ಕು ಬಣ್ಣ, ಅದೇ ಮೆಟ್ಟಿಲುಗಳಲ್ಲಿ ಮಾಡಿ ತರುತ್ತೇನೆ ಅಂದೆ. ಅಳತೆ ಬದಲಾದರೆ ಎರಡು ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಲಿಕ್ಕಾಗುವುದಿಲ್ಲ.