ಮಯೋನೀಸ್ ಒಡೆದಾಗ ಲೆಸಿಥಿನ್ ಎಲ್ಲಿತ್ತು?

ಅಕ್ಕನ ಮಗಳು ಹೋಂ ಸೈನ್ಸ್ ಓದುತ್ತಿದ್ದಾಳೆ. ಪರೀಕ್ಷೆಗೆ ಮುಂಚಿನ ಭಾನುವಾರ ನೋಟ್ಸ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ಮಯೋನೀಸ್‌ನಲ್ಲಿ ಲೆಸಿಥಿನ್‌ನ ಪಾತ್ರವೇನು?" ಅನ್ನೋ 4 ಅಂಕದ ಪ್ರಶ್ನೆಗೆ ಅವಳ ಉತ್ತರ ಒಂದೇ ಸಾಲಿನದು: "ಲೆಸಿಥಿನ್ ಎಣ್ಣೆ ಮತ್ತು ನೀರನ್ನು ಬೆರೆಸುತ್ತದೆ."

"ಇಷ್ಟೇ ಅಲ್ವಾ ಚಿಕ್ಕಮ್ಮ?" ಅಂದಳು.

ನಾನು ಈ ವಿಷಯ ಪಾಠ ಮಾಡುವವಳು. ಇಂಥ ಸಾಲು ನೋಡಿದಾಗ ಬೇಸರವಾಗುತ್ತದೆ. ಎಣ್ಣೆಯನ್ನು ನೀರಿನಲ್ಲಿ ಹನಿಹನಿಯಾಗಿ ಒಡೆಯುವುದು ನಮ್ಮ ಕೈ, ವಿಸ್ಕ್. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಆ ಕೆಲಸವನ್ನು ಸುಲಭ ಮಾಡಿಕೊಡುತ್ತದೆ, ಆಮೇಲೆ ಹನಿಗಳು ಮತ್ತೆ ಸೇರಿಕೊಳ್ಳದಂತೆ ತಡೆಯುತ್ತದೆ. ಅದು ಎಲ್ಲಿ ನಿಂತು ತಡೆಯುತ್ತದೆ ಅನ್ನೋದನ್ನು ಬರೆಯದಿದ್ದರೆ ಉತ್ತರ ಅರ್ಧಕ್ಕೇ ನಿಂತ ಹಾಗೆ. ಬಾಯಲ್ಲಿ ಹೇಳುವ ಬದಲು ಅಡುಗೆಮನೆಗೆ ಕರೆದುಕೊಂಡು ಹೋದೆ.

ಎರಡು ಬಟ್ಟಲು. ಒಂದೊಂದಕ್ಕೂ ಒಂದು ಮೊಟ್ಟೆಯ ಹಳದಿ, ಒಂದು ಚಮಚ ವಿನೆಗರ್, ಸ್ವಲ್ಪ ಸಾಸಿವೆ ಪೇಸ್ಟ್, ಉಪ್ಪು. ಪಕ್ಕದಲ್ಲಿ 150 ಮಿ.ಲೀ. ಸೂರ್ಯಕಾಂತಿ ಎಣ್ಣೆ. ಮೊಟ್ಟೆಯನ್ನು ಫ್ರಿಜ್ಜಿನಿಂದ ಮೊದಲೇ ತೆಗೆದಿಟ್ಟಿದ್ದೆ.

ಮೊದಲ ಬಟ್ಟಲಿಗೆ ಅವಳು ತೊಟ್ಟು ತೊಟ್ಟಾಗಿ ಎಣ್ಣೆ ಬಿಡುತ್ತಾ ಕಡೆದಳು. ಸ್ವಲ್ಪ ಹೊತ್ತಿಗೆ ಮಿಶ್ರಣ ಬಿಳಿಚಿಕೊಂಡು ಗಟ್ಟಿಯಾಯಿತು. ಅಲ್ಲಿಂದ ಮುಂದೆ ಸಣ್ಣ ಧಾರೆಯಾಗಿ ಸುರಿದರೂ ತೊಂದರೆ ಆಗಲಿಲ್ಲ. ಎರಡನೆಯದಕ್ಕೆ ಬೇಕಂತಲೇ ಕಾಲು ಭಾಗ ಎಣ್ಣೆಯನ್ನು ಒಮ್ಮೆಲೇ ಸುರಿಯಲು ಹೇಳಿದೆ. ಎಷ್ಟು ಕಡೆದರೂ ಅದು ಕೂಡಿಕೊಳ್ಳಲಿಲ್ಲ. ಹಾಲು ಒಡೆದ ಹಾಗೆ ತರಿತರಿ, ಅಂಚಿನಲ್ಲಿ ಎಣ್ಣೆ ಜಿನುಗುತ್ತಿತ್ತು.

"ಲೆಸಿಥಿನ್ ಸಾಕಾಗಲಿಲ್ವಾ?" ಅಂದಳು. ಬಹಳ ಜನ ಹೀಗೇ ಅಂದುಕೊಳ್ಳುತ್ತಾರೆ. ಆದರೆ ಎರಡೂ ಬಟ್ಟಲಲ್ಲಿ ಇದ್ದದ್ದು ಒಂದೊಂದೇ ಹಳದಿ. ಒಂದು ಹಳದಿಯಲ್ಲಿರುವ ಲೆಸಿಥಿನ್ ಮತ್ತು ಪ್ರೋಟೀನ್ ಇದಕ್ಕಿಂತ ಎಷ್ಟೋ ಜಾಸ್ತಿ ಎಣ್ಣೆಯನ್ನು ಹಿಡಿದಿಡಬಲ್ಲವು. ಇಲ್ಲಿ ಕೆಟ್ಟದ್ದು ಎಣ್ಣೆ ಸುರಿದ ವೇಗದಿಂದ. ದೊಡ್ಡ ದೊಡ್ಡ ಎಣ್ಣೆ ಮುದ್ದೆಗಳು ಸಣ್ಣ ಹನಿಗಳಾಗಿ ಒಡೆಯಲೇ ಇಲ್ಲ. ಒಡೆದಷ್ಟು ಹನಿಗಳ ಸುತ್ತ ಲೆಸಿಥಿನ್ ಬಂದು ಪದರ ಕಟ್ಟುವ ಮೊದಲೇ ಅವು ಒಂದಕ್ಕೊಂದು ಅಂಟಿಕೊಂಡವು. ನೀರಿನ ಪ್ರಮಾಣಕ್ಕೂ ಮಿತಿ ಇದೆ. ಹನಿಗಳ ನಡುವೆ ಇರಬೇಕಾದ ನೀರಿಗಿಂತ ಎಣ್ಣೆ ತೀರಾ ಜಾಸ್ತಿಯಾದರೆ, ನಿಧಾನಕ್ಕೆ ಸುರಿದರೂ ಒಡೆಯುತ್ತದೆ. ಫ್ರೀಜರಿನಲ್ಲಿಟ್ಟ ಮಯೋನೀಸ್ ಕರಗಿದಾಗ ಒಡೆಯುವುದು ಇನ್ನೊಂದು ಕಾರಣಕ್ಕೆ: ಮಂಜಿನ ಹರಳುಗಳು ಆ ಪದರವನ್ನೇ ಹರಿದುಹಾಕುತ್ತವೆ.

ಒಡೆದದ್ದನ್ನು ಚೆಲ್ಲಲಿಲ್ಲ. ಬೇರೆ ಬಟ್ಟಲಿಗೆ ಒಂದು ಚಮಚ ಉಗುರುಬೆಚ್ಚಗಿನ ನೀರು ಹಾಕಿ, ಒಡೆದ ಮಿಶ್ರಣವನ್ನು ಅರ್ಧರ್ಧ ಚಮಚ ಸೇರಿಸುತ್ತಾ ಕಡೆಯಲು ಹೇಳಿದೆ. ಕೂಡಿಕೊಂಡಿತು. ಹೊಸದಾಗಿ ಲೆಸಿಥಿನ್ ಹಾಕಿರಲಿಲ್ಲ, ನೋಡಿ. ನೀರು ಹಾಕಿ, ಸ್ವಲ್ಪ ಸಮಯ ಕೊಟ್ಟಿದ್ದೆವು ಅಷ್ಟೇ. ಅದೂ ಆಗದಿದ್ದರೆ ಹೊಸ ಹಳದಿಯೊಂದರಿಂದ ಶುರು ಮಾಡಬೇಕು.

ಆಮೇಲೆ ಉತ್ತರಕ್ಕೆ ಕೂತೆವು. ನಾಲ್ಕು ಅಂಕಕ್ಕೆ ನಾಲ್ಕು ಮಾತು, ಒಂದರಿಂದ ಇನ್ನೊಂದು ಹುಟ್ಟುವಂತೆ ಬರಬೇಕು: ಅದು ಏನು, ಹೇಗಿದೆ, ಎಲ್ಲಿ ನಿಲ್ಲುತ್ತದೆ, ಅದರಿಂದ ಏನಾಗುತ್ತದೆ. ಅವಳು ಬರೆದದ್ದು ಇದು:

"ಲೆಸಿಥಿನ್ ಮೊಟ್ಟೆಯ ಹಳದಿಯಲ್ಲಿರುವ ಫಾಸ್ಫೋಲಿಪಿಡ್. ಇದು ಸಹಜ ಎಮಲ್ಸಿಫೈಯರ್. ಇದರ ಅಣುವಿನ ತಲೆಗೆ ನೀರು ಇಷ್ಟ, ಎರಡು ಬಾಲಗಳಿಗೆ ಎಣ್ಣೆ ಇಷ್ಟ. ಎಣ್ಣೆ ಹನಿಯ ಮೇಲ್ಮೈಯಲ್ಲಿ ಬಾಲಗಳು ಹನಿಯ ಒಳಗೆ, ತಲೆ ಹೊರಗಿನ ನೀರಿನ ಕಡೆಗೆ ಇರುವಂತೆ ನಿಂತು ಪದರ ಕಟ್ಟುತ್ತದೆ. ಇದರಿಂದ ಹನಿಗಳು ಒಂದಾಗದೆ, ನೀರಿನಲ್ಲಿ ಎಣ್ಣೆ ಹರಡಿಕೊಂಡ ಎಮಲ್ಷನ್ ಆಗಿ ಮಯೋನೀಸ್ ಉಳಿಯುತ್ತದೆ."

"ಇಷ್ಟ" ಅನ್ನೋ ಪದ ತೆಗೆದು "ನೀರಿನತ್ತ ಸೆಳೆಯಲ್ಪಡುತ್ತದೆ" ಅಂತ ಮಾಡಿಸಿದೆ. ಪರೀಕ್ಷೆಗೆ ಅದೇ ಸರಿ. ಮೂರನೇ ಮಾತು ಬಿಟ್ಟರೆ ಉಳಿದದ್ದು ಬರೀ ಬಾಯಿಪಾಠದಂತೆ ಕಾಣುತ್ತದೆ ಅಂತಲೂ ಹೇಳಿದೆ.

ಆಗ ಫ್ರಿಜ್ಜಿನಲ್ಲಿದ್ದ ಮೊಟ್ಟೆಯಿಲ್ಲದ ಮಯೋನೀಸ್ ಬಾಟಲಿ ತಂದು ಲೇಬಲ್ ತೋರಿಸಿದಳು. ಸ್ಟೆಬಿಲೈಸರ್ ಅಂತ ಬರೆದು ಪಕ್ಕದಲ್ಲಿ INS 415 ಅಂತಿತ್ತು. ಅದು ಕ್ಸಾಂಥನ್ ಗಮ್. ಲೆಸಿಥಿನ್‌ನ ನಂಬರ್ INS 322. "ಎರಡೂ ಒಡೆಯದ ಹಾಗೆ ತಡೆಯೋದೇ ತಾನೆ?" ಅಂದಳು. ಕೊನೆಯ ಫಲ ಒಂದೇ, ಆದರೆ ಇರುವ ಜಾಗ ಬೇರೆ. ಗಮ್ ಮುಖ್ಯವಾಗಿ ಸುತ್ತಲಿನ ನೀರಿನಲ್ಲಿದ್ದು ಅದನ್ನು ಗಟ್ಟಿ ಮಾಡುತ್ತದೆ. ಹನಿಗಳು ಓಡಾಡುವುದು ನಿಧಾನವಾಗಿ, ಒಂದಕ್ಕೊಂದು ಸಿಗುವುದು ಕಡಿಮೆಯಾಗುತ್ತದೆ. ಲೆಸಿಥಿನ್ ಹನಿಯ ಮೈಮೇಲೇ ಕೂತಿರುತ್ತದೆ. ಆದ್ದರಿಂದ ಪ್ರಶ್ನೆ ಲೆಸಿಥಿನ್ ಬಗ್ಗೆ ಇದ್ದಾಗ "ಮಯೋನೀಸನ್ನು ದಪ್ಪ ಮಾಡುತ್ತದೆ" ಅಂತ ಬರೆಯಬೇಡ, ಅದು ಗಮ್‌ನ ಉತ್ತರ ಅಂದೆ. ಅವಳು ನೋಟ್ಸ್‌ನಲ್ಲಿ ಆ ಸಾಲನ್ನು ಹುಡುಕಿ ಹೊಡೆದುಹಾಕಿದಳು.