ಪೊಲೈಟ್ ಆಮೇಲೆ, ಮೊದಲು ದಿನಗಳ ಲೆಕ್ಕ

"ಅಕ್ಕಾ, ಒಂದು ವಾರ ವರ್ಕ್ ಫ್ರಮ್ ಹೋಮ್ ಬೇಕು. ಮ್ಯಾನೇಜರ್‌ಗೆ ಮೇಲ್ ಬರೆದಿದ್ದೀನಿ, ಸ್ವಲ್ಪ ಪೊಲೈಟ್ ಮಾಡಿಕೊಡ್ತೀರಾ?"

ಇಲ್ಲ. ಪೊಲೈಟ್ ಮಾಡಿದರೆ ಕೆಲಸ ಆಗುವುದಿಲ್ಲ. ಎರಡು ಕಡೆ 'ದಯವಿಟ್ಟು' ಸೇರಿಸಿದರೆ ಮೇಲ್ ಉದ್ದ ಆಗುತ್ತದೆ, ಅಷ್ಟೇ. ಮ್ಯಾನೇಜರ್‌ಗೆ ಬೇಕಾದ ಉತ್ತರಗಳು ಅದರಲ್ಲಿ ಇನ್ನೂ ಇರುವುದಿಲ್ಲ.

ನನ್ನ ಚಿಕ್ಕಮ್ಮನ ಮಗಳು ಬೆಂಗಳೂರಿನ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿದ್ದಾಳೆ. ಅವಳು ತಿದ್ದಲು ನನಗೆ ಕಳಿಸಿದ್ದು ಹೀಗಿತ್ತು:

"ಸರ್, ಅಮ್ಮನಿಗೆ ಕಣ್ಣಿನ ಆಪರೇಷನ್ ಇದೆ. ಮುಂದಿನ ವಾರ ಪೂರ್ತಿ ಹಾಸನದಿಂದಲೇ ಕೆಲಸ ಮಾಡುತ್ತೇನೆ. ನನ್ನ ಕೆಲಸ ಎಲ್ಲಾ ಲ್ಯಾಪ್‌ಟಾಪಿನಲ್ಲೇ ಇರುವುದು. ಬೇರೆಯವರಿಗೂ ಕೊಟ್ಟಿದ್ದೀರಿ. ಒಪ್ಪಿಗೆ ಕೊಡಿ."

ಇದನ್ನು ಓದಿದ ಮ್ಯಾನೇಜರ್ ಮೊದಲು ಹಿಡಿಯುವುದು 'ಬೇರೆಯವರಿಗೂ ಕೊಟ್ಟಿದ್ದೀರಿ' ಅನ್ನುವುದನ್ನೇ. ಅವರಿಗೆ ಯಾಕೆ ಕೊಟ್ಟೆ ಅಂತ ಸಮಜಾಯಿಷಿ ಕೊಡುವುದರಲ್ಲಿ ಇವಳ ವಿಷಯ ಹಿಂದೆ ಬೀಳುತ್ತದೆ. ಆ ಸಾಲನ್ನು ತೆಗೆದುಹಾಕಿಸಿದೆ. ಅದು ಸುಲಭದ ಕೆಲಸ.

ಎಲ್ಲರೂ ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇದೆ: ಈ ವಾರದಲ್ಲಿ ಎಷ್ಟು ದಿನ ನಿಜವಾಗಿ ಕೆಲಸ ಮಾಡೋಕೆ ಆಗುತ್ತೆ, ಎಷ್ಟು ದಿನ ರಜೆ ಹಾಕಬೇಕು? ಇದನ್ನು ಯಾರೂ ಕೇಳುವುದಿಲ್ಲ. ಮ್ಯಾನೇಜರ್‌ಗಳ ಅನುಮಾನ ಇರುವುದೇ ಇಲ್ಲಿ. ಮನೆಯಿಂದ ಕೆಲಸ ಅಂತ ಹೇಳಿ ರಜೆ ಮಾಡುತ್ತಾರೆ ಅನ್ನುವುದು ಅವರ ಭಯ. ಆಪರೇಷನ್ ದಿನವೂ ಕೆಲಸ ಮಾಡುತ್ತೇನೆ ಅಂತ ಬರೆದರೆ ಆ ಭಯ ಜಾಸ್ತಿ ಆಗುತ್ತದೆ, ಅಲ್ವಾ?

ಪೊರೆ ಆಪರೇಷನ್‌ಗೆ ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಮರುದಿನ ಡಾಕ್ಟರು ಮತ್ತೆ ನೋಡುತ್ತಾರೆ. ಆ ಎರಡು ದಿನ ಆಸ್ಪತ್ರೆ ಓಡಾಟ. ಲ್ಯಾಪ್‌ಟಾಪ್ ತೆರೆಯುವುದೂ ಕಷ್ಟ. ಆಮೇಲೆ ದಿನಕ್ಕೆ ಹಲವು ಸಲ ಕಣ್ಣಿಗೆ ಡ್ರಾಪ್ಸ್ ಹಾಕಬೇಕು, ಕಣ್ಣಿಗೆ ನೀರು ತಾಗದ ಹಾಗೆ, ಅಮ್ಮ ಬಗ್ಗಿ ಭಾರ ಎತ್ತದ ಹಾಗೆ ನೋಡಿಕೊಳ್ಳಬೇಕು. ಇದಕ್ಕೆ ಮನೆಯಲ್ಲಿ ಒಬ್ಬರು ಇರಬೇಕು ನಿಜ. ಆದರೆ ದಿನವಿಡೀ ಕೈ ಕಟ್ಟಿಹಾಕುವ ಕೆಲಸ ಅಲ್ಲ. ಹಾಗಾಗಿ ಎರಡು ದಿನ ರಜೆ, ನಾಲ್ಕು ದಿನ ಕೆಲಸ.

ಇನ್ನು ತಾರೀಖು. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11 ಕೊನೆ, ತೆರಿಗೆ ಲೆಕ್ಕ ಕೊಟ್ಟು ಕಟ್ಟುವ 3ಬಿಗೆ 20. ಅವಳು ಹೋಗುವುದು 12ಕ್ಕೆ, ಬರುವುದು 19ಕ್ಕೆ. ಅಂದರೆ ಎರಡೂ ಗಡುವಿನ ನಡುವೆ ಸರಿಯಾಗಿ ಕೂರುತ್ತದೆ. ಇಷ್ಟು ಒಳ್ಳೆಯ ಕಾರಣ ಕೈಯಲ್ಲಿದ್ದರೂ ಅವಳ ಮೇಲ್‌ನಲ್ಲಿ ಅದರ ಸುಳಿವೇ ಇರಲಿಲ್ಲ. ಕೊನೆಗೆ ಕಳಿಸಿದ್ದು ಇದು:

"ಸರ್, 12ನೇ ತಾರೀಖು ಸೋಮವಾರ ಹಾಸನದಲ್ಲಿ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಇದೆ. ಸೋಮವಾರ, ಮಂಗಳವಾರ ರಜೆ ಕೋರುತ್ತೇನೆ. 14ರ ಬುಧವಾರದಿಂದ 17ರ ಶನಿವಾರದವರೆಗೆ ಅಲ್ಲಿಂದಲೇ ಕೆಲಸ ಮಾಡಲು ನಿಮ್ಮ ಒಪ್ಪಿಗೆ ಬೇಕಿತ್ತು. ಜಿಎಸ್‌ಟಿಆರ್-1 ಅನ್ನು 10ರೊಳಗೆ ಮುಗಿಸುತ್ತೇನೆ. 3ಬಿ ಲೆಕ್ಕವನ್ನು 17ರೊಳಗೆ ನಿಮಗೆ ಕಳಿಸುತ್ತೇನೆ. 19ಕ್ಕೆ ಆಫೀಸಿನಲ್ಲಿರುತ್ತೇನೆ, ಡಿಜಿಟಲ್ ಸಹಿಯ ಟೋಕನ್ ಅಲ್ಲೇ ಇರುವುದರಿಂದ ಫೈಲ್ ಮಾಡುವುದು ಅವತ್ತೇ. ಗುರುವಾರದ ಚೆಕ್‌ಗಳನ್ನು ಊರಿನಿಂದ ಮಾಡಲು ಆಗುವುದಿಲ್ಲ. ಪಕ್ಕದ ಸೀಟಿನ ಸಹೋದ್ಯೋಗಿ ನೋಡಿಕೊಳ್ಳಲು ಒಪ್ಪಿದ್ದಾರೆ, ಪಟ್ಟಿ ಮೊದಲೇ ಕೊಟ್ಟು ಹೋಗುತ್ತೇನೆ. ಮನೆಯ ಇಂಟರ್‌ನೆಟ್‌ನಿಂದ ವಿಪಿಎನ್ ಮೂಲಕ ಟ್ಯಾಲಿ ತೆರೆದು ನೋಡಿದ್ದೇನೆ, ಕೆಲಸ ಮಾಡುತ್ತದೆ. ಕರೆಂಟ್ ಹೋದರೆ ಮೊಬೈಲ್ ಡೇಟಾ ಇದೆ. ಯಾವುದಾದರೂ ದಿನ ನಾನು ಆಫೀಸಿನಲ್ಲೇ ಇರಬೇಕಿದ್ದರೆ ತಿಳಿಸಿ, ಮನೆಯಲ್ಲಿ ಬೇರೆ ಏರ್ಪಾಡು ಮಾಡಿಕೊಳ್ಳುತ್ತೇನೆ. ಬಸ್ ಬುಕ್ ಮಾಡಬೇಕು, ಈ ಗುರುವಾರದೊಳಗೆ ಹೇಳಿದರೆ ಉಪಕಾರವಾಗುತ್ತದೆ."

ಚೆಕ್‌ನ ಸಾಲಿಗೆ ಅವಳು ತಕರಾರು ಮಾಡಿದಳು. "ಆಗಲ್ಲ ಅಂತ ನಾನೇ ಯಾಕೆ ಹೇಳಲಿ?" ಅಂದಳು. ಮ್ಯಾನೇಜರ್‌ಗೆ ಅದು ಹೇಗೂ ಹೊಳೆಯುತ್ತದೆ. ಅವರೇ ಕೇಳಿದರೆ ಅದು ಅಡ್ಡಿ. ಇವಳೇ ಹೇಳಿ, ಯಾರು ಮಾಡುತ್ತಾರೆ ಅಂತಲೂ ಬರೆದರೆ ಅವರು ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಆದರೆ ಸಹೋದ್ಯೋಗಿಯನ್ನು ನಿಜವಾಗಿಯೂ ಮೊದಲೇ ಕೇಳಿರಬೇಕು. ವಿಪಿಎನ್ ಕೂಡ ಹಾಗೇ. ಪರೀಕ್ಷೆ ಮಾಡದೆ 'ಕೆಲಸ ಮಾಡುತ್ತದೆ' ಅಂತ ಸುಮ್ನೆ ಬರೆಯಬೇಡಿ. ಮೊದಲ ದಿನವೇ ಸಂಪರ್ಕ ಸಿಗದಿದ್ದರೆ ಮುಂದಿನ ಸಲ ಎಷ್ಟು ಚೆನ್ನಾಗಿ ಬರೆದರೂ ನಂಬುವುದಿಲ್ಲ.

ಹೀಗೆ ಲೆಕ್ಕ ಹಾಕುವಾಗ ನಾಲ್ಕು ದಿನದಲ್ಲಿ ಮೂರು ದಿನದ ಕೆಲಸ ಆಫೀಸಿನಲ್ಲೇ ಆಗಬೇಕಾದದ್ದು ಅಂತ ಕಂಡರೆ ಈ ಮೇಲ್ ಬೇಡ. ಸ್ಟೋರ್‌ನಲ್ಲಿ ಸರಕು ಎಣಿಸುವವರು, ಕೌಂಟರಿನಲ್ಲಿ ಕೂರುವವರು ನನಗೆ ಇದನ್ನು ಕಳಿಸಿದರೆ ನಾನು ತಿದ್ದಿ ಕೊಡುವುದಿಲ್ಲ. ಅವರು ಕೇಳಬೇಕಾದ್ದು ರಜೆ. ಅಮ್ಮನ ಆಪರೇಷನ್‌ಗೆ ರಜೆ ಕೇಳುವುದಕ್ಕೆ ಇಷ್ಟೊಂದು ಬರೆಯುವುದೂ ಬೇಕಿಲ್ಲ.